ಪ್ಯಾರಾಪೆಟ್ ತಲೆಯ ಮೇಲಿನ ಕಲ್ಲು, ಅದರ ಅಡಿಯ ಒಂದು ಗೆರೆ

ತಾರಸಿಯ ಸುತ್ತಲಿನ ಮೋಟು ಗೋಡೆಗೆ ಮಳೆ ಮೂರು ಕಡೆಯಿಂದ ಬಡಿಯುತ್ತದೆ: ಹೊರಗಿನಿಂದ, ಒಳಗಿನಿಂದ, ನೆತ್ತಿಯಿಂದ. ಮೂರರಲ್ಲಿ ಹೆಚ್ಚು ಕೆಡುಕು ಮಾಡುವುದು ನೆತ್ತಿಯ ನೀರು. ಬಿಸಿಲಿಗೆ ಕಾದು ಚಳಿಗೆ ಕುಗ್ಗುವ ಮೇಲ್ಭಾಗದ ಪ್ಲಾಸ್ಟರ್ ಕೂದಲೆಳೆಯಂತೆ ಬಿರುಕು ಬಿಡುತ್ತದೆ, ಆ ಬಿರುಕಿನಿಂದ ಇಳಿದ ನೀರನ್ನು ಇಟ್ಟಿಗೆ ಹೀರಿಕೊಳ್ಳುತ್ತದೆ. ಉಳಿದ ನೀರು ನೆತ್ತಿಯ ಮೇಲೆ ಕುಳಿತ ಧೂಳನ್ನು ತೊಳೆದುಕೊಂಡು ಹೊರಗೋಡೆಯ ಮೇಲೆ ಹರಿಯುತ್ತದೆ. ಸುಣ್ಣ ಬಣ್ಣ ಮಾಡಿಸಿದ ಎರಡನೆಯ ಮಳೆಗಾಲಕ್ಕೇ ಕಾಣಿಸಿಕೊಳ್ಳುವ ಕಪ್ಪು ಗೆರೆಗಳಿಗೆ ಕಾರಣ ಇದೇ.

ನಮ್ಮ ಮನೆಯ ಒಂದು ಬದಿಯ ಗೋಡೆಗೆ ನಾನು ಎರಡು ಬಾರಿ ಬಣ್ಣ ಹೊಡೆಸಿದೆ. ಎರಡನೆಯ ಸಲ ದುಬಾರಿ ಬಣ್ಣ. ಗೆರೆಗಳು ಮೊದಲಿದ್ದ ಜಾಗದಲ್ಲೇ ಮತ್ತೆ ಮೂಡಿದವು. ಆಮೇಲಷ್ಟೇ ಏಣಿ ಹತ್ತಿ ಗೋಡೆಯ ತಲೆಯನ್ನು ನೋಡಿದೆ.

ಮೊದಲು ಸೀಮೆಸುಣ್ಣದ ಪರೀಕ್ಷೆ

ಹಳೆಯ ಗೋಡೆಯ ತಲೆಗೆ ಪ್ಲಾಸ್ಟರ್‌ನಲ್ಲೇ ಎರಡು ಸೆಂಟಿಮೀಟರ್‌ನಷ್ಟು ಚಾಚು ಬಿಟ್ಟಿದ್ದರು. ಚಾಚು ಇರುವಾಗ ನೀರು ಗೋಡೆಗೆ ತಾಗುವುದು ಹೇಗೆ ಎಂಬುದು ನನ್ನ ಪ್ರಶ್ನೆಯಾಗಿತ್ತು. ಒಣಗಿದ ದಿನ ಆ ಚಾಚಿನ ಅಡಿಭಾಗಕ್ಕೆಲ್ಲ ಸೀಮೆಸುಣ್ಣ ತಿಕ್ಕಿ, ಮೇಲಿನಿಂದ ಒಂದು ಚೊಂಬು ನೀರನ್ನು ನಿಧಾನವಾಗಿ ಸುರಿದೆ. ನೀರು ಅಂಚಿಗೆ ಬಂತು. ಕೆಲವು ಹನಿ ಕೆಳಗೆ ಬಿದ್ದವು. ಉಳಿದದ್ದು ಅಂಚನ್ನು ಅಪ್ಪಿಕೊಂಡು ಮಡಚಿ, ಅಡಿಭಾಗಕ್ಕೆ ತಲೆಕೆಳಗಾಗಿ ಅಂಟಿಕೊಂಡೇ ಒಳಕ್ಕೆ ಜಾರಿತು. ಬಿಳಿ ಸುಣ್ಣದ ಮೇಲೆ ಗಾಢ ಬಣ್ಣದ ಒದ್ದೆ ನಾಲಗೆಗಳು ಮೂಡಿ, ಕಣ್ಣೆದುರಿಗೇ ಗೋಡೆಯನ್ನು ಮುಟ್ಟಿದವು. ಚಹಾ ಬಗ್ಗಿಸುವಾಗ ಪಾತ್ರೆಯ ಮೈಮೇಲೆ ಇಳಿಯುತ್ತದಲ್ಲ, ಅದೇ ಗುಣ ಇದು. ನೀರು ಮೇಲ್ಮೈಯನ್ನು ಸುಲಭಕ್ಕೆ ಬಿಡುವುದಿಲ್ಲ.

ಇದನ್ನು ಬಿಡಿಸುವುದಕ್ಕೆ ಇರುವುದೇ ಡ್ರಿಪ್ ಗ್ರೂವ್. ಚಾಚಿನ ಅಡಿಯಲ್ಲಿ, ಅಂಚಿನ ಉದ್ದಕ್ಕೂ ಕೊರೆದ ಒಂದು ಸಣ್ಣ ತೋಡು. ಅಡಿಗೆ ಅಂಟಿಕೊಂಡು ಬರುವ ನೀರು ತೋಡಿನ ಚೂಪು ಅಂಚಿಗೆ ಬಂದಾಗ ಅದಕ್ಕೆ ಹಿಡಿದುಕೊಳ್ಳಲು ಮುಂದೆ ಮೇಲ್ಮೈ ಇರುವುದಿಲ್ಲ. ಅಲ್ಲೇ ಹನಿಗಟ್ಟಿ ಉದುರುತ್ತದೆ.

ಗೋಡೆಯ ಕಲೆಯ ಆಕಾರವೂ ರೋಗವನ್ನು ತಿಳಿಸುತ್ತದೆ. ಕಪ್ಪು ಕಲೆ ಗೋಡೆಯ ತಲೆಯ ಉದ್ದಕ್ಕೂ ಪಟ್ಟಿಯಂತೆ ಇದ್ದರೆ ಗ್ರೂವ್ ಇಲ್ಲ ಅಥವಾ ಮುಚ್ಚಿಹೋಗಿದೆ. ಅಲ್ಲೊಂದು ಇಲ್ಲೊಂದು ಒಂಟಿ ಗೆರೆಗಳಿದ್ದರೆ ಅವುಗಳ ನೇರ ಮೇಲೆ ಕೋಪಿಂಗಿನ, ಅಂದರೆ ಗೋಡೆಯ ತಲೆಗೆ ಹೊದಿಸಿದ ಕಲ್ಲುಗಳ, ಸಂದು ಬಾಯಿಬಿಟ್ಟಿರುತ್ತದೆ. ಆದರೆ ಕೋಣೆಯ ಒಳಗೆ, ಛಾವಣಿ ಮತ್ತು ಗೋಡೆ ಕೂಡುವ ಮೂಲೆಯಲ್ಲಿ ತೇವವಿದ್ದರೆ ಕೋಪಿಂಗ್ ಒಂದರಿಂದಲೇ ಅದು ನಿಲ್ಲುತ್ತದೆಂದು ನಂಬಬೇಡಿ. ಹೆಚ್ಚಿನ ಸಲ ತಾರಸಿಯ ನೆಲವೂ ಪ್ಯಾರಾಪೆಟ್ಟಿನ ಬುಡವೂ ಸೇರುವ ಜಾಗ ಬಿರಿದಿರುತ್ತದೆ. ಅದರ ರಿಪೇರಿ ಬೇರೆ.

ಅಳತೆ

ಹಳೆಯ ಪ್ಲಾಸ್ಟರ್ ತಲೆಯ ಬದಲು ಗ್ರೂವ್ ಇರುವ ಕಲ್ಲಿನ ಕೋಪಿಂಗ್ ಕೂರಿಸಲು ನಿರ್ಧರಿಸಿದೆವು. ನಮ್ಮದು ಒಂಬತ್ತು ಮೀಟರ್ ಉದ್ದದ ಗೋಡೆ. ಇಟ್ಟಿಗೆಯ ದಪ್ಪ 230 ಮಿಲಿಮೀಟರ್, ಎರಡೂ ಬದಿಯ ಪ್ಲಾಸ್ಟರ್ ಸೇರಿ 260. ಕಲ್ಲು ಎರಡೂ ಕಡೆ 45 ಮಿಲಿಮೀಟರ್ ಚಾಚಬೇಕು, ಆದ್ದರಿಂದ ಅಗಲ 350. ಚಾಚನ್ನು ಲೆಕ್ಕ ಹಾಕುವಾಗ ಇಟ್ಟಿಗೆಯಿಂದ ಅಳೆಯಬಾರದು, ಮುಗಿದ ಪ್ಲಾಸ್ಟರ್‌ನಿಂದ ಅಳೆಯಬೇಕು. ಇಲ್ಲಿ ತಪ್ಪಿದರೆ ಗ್ರೂವ್ ಗೋಡೆಗೆ ಅಂಟಿಕೊಂಡೇ ಕೂರುತ್ತದೆ, ಇದ್ದೂ ಇಲ್ಲದಂತೆ.

ನಾವು ಆರಿಸಿದ್ದು 20 ಮಿಲಿಮೀಟರ್ ದಪ್ಪದ ಗ್ರಾನೈಟ್, ಹತ್ತು ತುಂಡು. ನಡುವೆ ಆರು ಮಿಲಿಮೀಟರ್‌ನ ಒಂಬತ್ತು ಸಂದುಗಳನ್ನು ಕಳೆದರೆ ಪ್ರತಿ ತುಂಡಿನ ಉದ್ದ ಸುಮಾರು 895 ಮಿಲಿಮೀಟರ್, ತೂಕ ಹದಿನೇಳು ಕಿಲೋ ಆಸುಪಾಸು. ಇಬ್ಬರು ಎತ್ತಿ ಕೂರಿಸಬಹುದಾದ ತೂಕ. ಇದಕ್ಕಿಂತ ಉದ್ದದ ತುಂಡು ಹಾಕಿದರೆ ಸಂದು ಕಡಿಮೆಯಾಗುತ್ತದೆ ನಿಜ, ಆದರೆ ಎತ್ತುವಾಗಲೇ ಮುರಿಯುವ ಭಯ.

ಗ್ರೂವ್ ಕೊರೆಯುವುದು

ಕಲ್ಲನ್ನು ಕೂರಿಸುವ ಮೊದಲೇ, ನೆಲದ ಮೇಲೆ ಮಗುಚಿಟ್ಟು ಕೊರೆಯಬೇಕು. ಅಂಚಿನಿಂದ 15 ಮಿಲಿಮೀಟರ್ ಬಿಟ್ಟು ಒಂದು ಗೆರೆ, ಅಲ್ಲಿಂದ ಹತ್ತು ಬಿಟ್ಟು ಇನ್ನೊಂದು ಗೆರೆ. ಎರಡೂ ಗೆರೆಗಳ ಮೇಲೆ ಕಟ್ಟರ್ ಓಡಿಸಿ, ನಡುವೆ ಉಳಿದ ಕಲ್ಲನ್ನು ಉಳಿಯಿಂದ ಎಬ್ಬಿಸಿ ತೆಗೆಯಬೇಕು. ಆಳ ಎಂಟು ಮಿಲಿಮೀಟರ್ ಸಾಕು, ಕೆಳಗೆ ಹನ್ನೆರಡು ಉಳಿಯುತ್ತದೆ. ಅದಕ್ಕಿಂತ ಆಳಕ್ಕೆ ಹೋದರೆ ಅಂಚೇ ಕಳಚಿಕೊಳ್ಳುತ್ತದೆ.

ಕೆಲವರು ಕಟ್ಟರ್ ಅನ್ನು ಒಂದೇ ಸಲ ಓಡಿಸಿ ಗ್ರೂವ್ ಮುಗಿಯಿತು ಎನ್ನುತ್ತಾರೆ. ಒಪ್ಪಬೇಡಿ. ಬ್ಲೇಡಿನ ಎರಡು ಮೂರು ಮಿಲಿಮೀಟರ್ ಸೀಳನ್ನು ನೀರು ತುಂಬಿಕೊಂಡು, ಸೇತುವೆ ಕಟ್ಟಿದಂತೆ ದಾಟಿಬಿಡುತ್ತದೆ. ಹನಿ ದಾಟಲಾರದಷ್ಟು ಅಗಲ ಬೇಕು. ಕೊರೆಯುವಾಗ ನೀರು ಹಾಯಿಸುತ್ತಿರಬೇಕು, ಧೂಳು ತಡೆಯುವ ಒಳ್ಳೆಯ ಮಾಸ್ಕ್ ಹಾಕಿಕೊಳ್ಳಲೇಬೇಕು. ಗ್ರಾನೈಟ್ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶವನ್ನು ಶಾಶ್ವತವಾಗಿ ಹಾಳುಮಾಡುತ್ತದೆ. ಕೆಲಸಗಾರರು ಕರವಸ್ತ್ರ ಕಟ್ಟಿಕೊಂಡು ಶುರುಮಾಡಿದರೆ ನಿಲ್ಲಿಸಿ ಮಾಸ್ಕ್ ಕೊಡಿ.

ಗ್ರೂವ್ ಎರಡೂ ಬದಿಗೆ ಬೇಕು. ಇಲ್ಲಿ ನಮ್ಮ ಮೇಸ್ತ್ರಿ ಕೇಳಿದ ಪ್ರಶ್ನೆಯನ್ನು ಹೇಳಬೇಕು. “ವಾಟ ಒಳಕ್ಕೆ ಕೊಡುತ್ತೇವಲ್ಲ ಸರ್, ನೀರೆಲ್ಲ ತಾರಸಿಗೇ ಬೀಳುತ್ತದೆ. ಹೊರಗಡೆ ಗ್ರೂವ್ ಯಾಕೆ?” ಮೇಲ್ನೋಟಕ್ಕೆ ಸರಿಯಾದ ಮಾತು. ಕಲ್ಲಿನ ಮೇಲ್ಮುಖ ಒಳಕ್ಕೆ ವಾಲಬೇಕು ಎಂಬುದೂ ಸರಿ, ಇಲ್ಲದಿದ್ದರೆ ಧೂಳಿನ ನೀರೆಲ್ಲ ಮನೆಯ ಮುಖದ ಮೇಲೆಯೇ ಇಳಿಯುತ್ತದೆ. ಆದರೆ ಕಲ್ಲು ಒಳಕ್ಕೆ ವಾಲಿದಾಗ ಅದರ ಅಡಿಭಾಗವೂ ವಾಲುತ್ತದೆ. ಹೊರ ಅಂಚು ಮೇಲೆದ್ದು, ಅದರ ಅಡಿ ಗೋಡೆಯ ಕಡೆಗೇ ಇಳಿಜಾರಾಗುತ್ತದೆ. ಗಾಳಿಮಳೆ ಹೊರ ಅಂಚಿಗೆ ಬಡಿದಾಗ ಅಲ್ಲಿ ಅಂಟಿದ ನೀರು ಗೋಡೆಯತ್ತ ಇಳಿಯುತ್ತಾ ಬರುತ್ತದೆ. ಅಂದರೆ ಒಳವಾಟ ಕೊಟ್ಟ ಕಲ್ಲಿಗೆ ಹೊರಗಿನ ಗ್ರೂವ್ ಇನ್ನೂ ಹೆಚ್ಚು ಬೇಕು. ಒಂದು ತುಂಡನ್ನು ಕೈಯಲ್ಲಿ ವಾಲಿಸಿ ಹಿಡಿದು ತೋರಿಸಿದ ಮೇಲೆ ಅವರೇ ಉಳಿದ ಒಂಬತ್ತಕ್ಕೂ ಗೆರೆ ಹಾಕಿದರು.

ಕೂರಿಸುವುದು

ಹಳೆಯ ತಲೆಯ ಪ್ಲಾಸ್ಟರನ್ನು ಇಟ್ಟಿಗೆ ಕಾಣುವವರೆಗೆ ಕೆತ್ತಿ ತೆಗೆದು, ಪಾಚಿ ಮತ್ತು ಪುಡಿಯನ್ನು ಉಜ್ಜಿ ತೊಳೆಯಿರಿ. ಉಬ್ಬುತಗ್ಗುಗಳಿಗೆ ತೆಳುವಾಗಿ ಗಾರೆ ಸವರಿ ಮಟ್ಟಮಾಡಿ, ಒಣಗಿದ ಮೇಲೆ ಪಾಲಿಮರ್ ಬೆರೆತ ಸಿಮೆಂಟ್ ಲೇಪನವನ್ನು ಎರಡು ಕೋಟ್ ಬಳಿಯಿರಿ. ಎರಡೂ ಬದಿಯಲ್ಲಿ ಐದು ಸೆಂಟಿಮೀಟರ್‌ನಷ್ಟು ಅದು ಪ್ಲಾಸ್ಟರಿನ ಮೇಲೆ ಇಳಿಯಲಿ. ಕೋಪಿಂಗಿನ ಸಂದುಗಳು ಎಂದಾದರೊಂದು ದಿನ ಬಿರಿಯುತ್ತವೆ, ಆಗ ಇಟ್ಟಿಗೆಯನ್ನು ಕಾಯುವುದು ಈ ಪದರ. ಹಾಳೆಯಂಥ ಡಾಂಬರು ಶೀಟನ್ನು ಹಾಸುವ ಪದ್ಧತಿಯೂ ಇದೆ. ಆದರೆ ಹಗುರ ಕಲ್ಲಿನ ಕೆಳಗೆ ಅದು ಜಾರುಬಂಡೆಯಾಗುತ್ತದೆ, ಗಾರೆ ಅದಕ್ಕೆ ಕಚ್ಚಿಕೊಳ್ಳುವುದಿಲ್ಲ. ಬಳಿಯುವ ಲೇಪನವೇ ನನಗೆ ಮೇಲೆನಿಸುತ್ತದೆ. ಎರಡನೆಯ ಕೋಟ್ ಹಸಿಯಿರುವಾಗ ಒಣ ಮರಳನ್ನು ಉದುರಿಸಿದರೆ ಗಾರೆಗೆ ಹಿಡಿತ ಸಿಗುತ್ತದೆ.

ಒಂದು ಪಾಲು ಸಿಮೆಂಟ್, ನಾಲ್ಕು ಪಾಲು ಮರಳಿನ ಗಾರೆ. ಒಳಬದಿಗೆ ಹದಿನೈದು, ಹೊರಬದಿಗೆ ನಲವತ್ತು ಮಿಲಿಮೀಟರ್ ದಪ್ಪ. ಅಂದರೆ ಗೋಡೆಯ ಅಗಲದಲ್ಲಿ 25 ಮಿಲಿಮೀಟರ್ ವಾಟ. ಎರಡು ತುದಿಯ ಕಲ್ಲುಗಳನ್ನು ಮೊದಲು ಕೂರಿಸಿ, ಹೊರ ಅಂಚಿಗೆ ದಾರ ಎಳೆದು, ನಡುವಿನವನ್ನು ದಾರಕ್ಕೆ ಸರಿಯಾಗಿ ಸೇರಿಸಿಕೊಂಡು ಹೋಗಬೇಕು. ಕಲ್ಲಿನ ಅಡಿಗೆ ಸಿಮೆಂಟ್ ಹಾಲು ಬಳಿದು ಪೂರ್ತಿ ಗಾರೆಯ ಮೇಲೆ ಇಡಿ. ನಾಲ್ಕು ಮೂಲೆಗೆ ನಾಲ್ಕು ಉಂಡೆ ಗಾರೆ ಇಟ್ಟು ಕೂರಿಸಿದರೆ ನಡುವೆ ಪೊಳ್ಳಾಗಿ, ಅಲ್ಲಿ ನೀರು ತಂಗುತ್ತದೆ. ಮಾರನೆಯ ದಿನ ಕರಣೆಯ ಹಿಡಿಯಿಂದ ತಟ್ಟಿ ನೋಡಿದರೆ ಪೊಳ್ಳು ಸದ್ದು ಹೇಳಿಬಿಡುತ್ತದೆ. ಹೊರಗಿನ ಅಂಚಿನ ಕೆಲಸಕ್ಕೆ ಸಾರುವೆ ಕಟ್ಟಿಸಿ. ತಾರಸಿಯಿಂದ ಹೊರಕ್ಕೆ ಬಾಗಿ ಹದಿನೇಳು ಕಿಲೋ ಕಲ್ಲನ್ನು ಸರಿಪಡಿಸಲು ಯಾರನ್ನೂ ಬಿಡಬೇಡಿ.

ಕಲ್ಲಿನಡಿಯಿಂದ ಉಕ್ಕಿದ ಗಾರೆಯನ್ನು ಗೋಡೆಯ ಮಟ್ಟಕ್ಕೆ ಕೊಯ್ದು ತೆಗೆಯಬೇಕು. ಕೆಲಸ ಕೆಡುವುದು ಹೆಚ್ಚಾಗಿ ಈ ಗಳಿಗೆಯಲ್ಲೇ. ಅಂದ ಕಾಣಲೆಂದು ಮೂಲೆಗೆ ಗಾರೆ ಒತ್ತಿ ಇಳಿಜಾರು ತೀಡುತ್ತಾರೆ, ಅದು ಗ್ರೂವಿನವರೆಗೂ ಹೋಗಿ ನೀರಿಗೆ ಸೇತುವೆಯಾಗುತ್ತದೆ. ನಮ್ಮಲ್ಲೂ ಎರಡು ಕಲ್ಲಿಗೆ ಹಾಗಾಯಿತು. ಗಾರೆ ಹಸಿಯಿರುವಾಗಲೇ ಬೆರಳನ್ನು ಗ್ರೂವಿನೊಳಗೆ ಉದ್ದಕ್ಕೂ ಓಡಿಸಿ ನೋಡಿದ್ದರಿಂದ ಸಿಕ್ಕಿಬಿತ್ತು, ಒಂದು ಕಡ್ಡಿಯಿಂದ ಕೆರೆದು ತೆಗೆದೆವು. ಗಟ್ಟಿಯಾದ ಮೇಲಾಗಿದ್ದರೆ ಉಳಿ ಹಿಡಿಯಬೇಕಿತ್ತು.

ಗಾರೆಗೆ ಏಳು ದಿನ ನೀರುಣಿಸಿ, ಚೆನ್ನಾಗಿ ಒಣಗಿದ ಮೇಲೆ ಸಂದುಗಳ ಕೆಲಸ. ಸಂದಿಗೆ ಸಿಮೆಂಟ್ ತುಂಬಬಾರದು, ಕಲ್ಲು ಹಿಗ್ಗಿ ಕುಗ್ಗುವಾಗ ಅದು ಬಿರಿಯುತ್ತದೆ. ತಳಕ್ಕೆ ಫೋಮ್ ಎಳೆಯನ್ನು ಒತ್ತಿ, ಮೇಲೆ ಆರು ಮಿಲಿಮೀಟರ್‌ನಷ್ಟು ಸೀಲೆಂಟ್ ಹಾಕಿ. ಕಲ್ಲಿಗೆಂದೇ ತಯಾರಿಸಿದ್ದು ಎಂದು ಟ್ಯೂಬಿನ ಮೇಲೆ ಇರಬೇಕು, ಸಾಮಾನ್ಯ ಸಿಲಿಕೋನ್ ಗ್ರಾನೈಟಿಗೆ ಎಣ್ಣೆಯಂಥ ಕಲೆ ಬಿಡುತ್ತದೆ. ಗ್ರೂವ್ ಹಾದುಹೋಗುವ ಜಾಗದಲ್ಲಿ ಮಾತ್ರ ಸೀಲೆಂಟ್ ಇಳಿದು ತುಂಬದಂತೆ ನೋಡಿಕೊಳ್ಳಿ.

ಕಲ್ಲಿನ ಬದಲು ಕಾಂಕ್ರೀಟ್ ಕೋಪಿಂಗ್ ಎರಕ ಹೊಯ್ಯುವವರು ಗ್ರೂವಿನ ಜಾಗದಲ್ಲಿ ಹಲಗೆಗೆ ಹತ್ತು ಮಿಲಿಮೀಟರ್‌ನ ಮರದ ಅಥವಾ ಪ್ಲಾಸ್ಟಿಕ್ ಪಟ್ಟಿ ಬಡಿದುಬಿಟ್ಟರೆ ಸಾಕು, ಹಲಗೆ ಬಿಚ್ಚಿದಾಗ ಗ್ರೂವ್ ಸಿದ್ಧವಾಗಿರುತ್ತದೆ. ಮುಂದೆ ಕೋಪಿಂಗಿನ ಮೇಲೆ ಕಬ್ಬಿಣದ ಕಂಬಿ ನಿಲ್ಲಿಸುವ ಆಲೋಚನೆ ಇದ್ದರೆ ಈಗಲೇ ಬಿಟ್ಟುಬಿಡಿ, ಕಂಬಿಯನ್ನು ಗೋಡೆಯ ಒಳಬದಿಗೆ ಹಿಡಿಸಿ. ನೆತ್ತಿಯಲ್ಲಿ ಕೊರೆದ ಪ್ರತಿ ತೂತೂ ಲೇಪನವನ್ನು ಸೀಳಿಕೊಂಡೇ ಹೋಗುತ್ತದೆ.

ಬಣ್ಣಕ್ಕೆ ಅವಸರ ಬೇಡ. ನೀರುಂಡ ಇಟ್ಟಿಗೆ ಒಣಗಲು ವಾರಗಳು ಬೇಕು, ಅದಕ್ಕೂ ಮೊದಲು ಹೊಡೆದ ಬಣ್ಣ ಗುಳ್ಳೆಯೇಳುತ್ತದೆ. ಪೇಂಟರ್ ಬಂದ ದಿನ ನೀವು ಅಲ್ಲಿರಿ, ಗ್ರೂವ್ ಅನ್ನು ಬಿರುಕೆಂದು ತಿಳಿದು ಪುಟ್ಟಿ ತುಂಬುವುದುಂಟು. ಕೊನೆಗೆ ಮತ್ತೊಮ್ಮೆ ಅಡಿಗೆ ಸೀಮೆಸುಣ್ಣ ತಿಕ್ಕಿ, ಹೊರ ಅಂಚಿನ ಮೇಲೆ ಒಂದು ಚೊಂಬು ನೀರು ಸುರಿಯಿರಿ. ಅಂಚಿನಿಂದ ಗ್ರೂವಿನವರೆಗಿನ ಹದಿನೈದು ಮಿಲಿಮೀಟರ್ ಒದ್ದೆಯಾಗಿ, ಆಚೆಯ ಬಿಳುಪು ಹಾಗೆಯೇ ಉಳಿದರೆ ಸಾರುವೆ ಬಿಚ್ಚಿಸಬಹುದು.