ಆರು ವರ್ಷ ಬಿಡದೆ ಹಿಡಿದ ಸಮಸ್ಯೆ ನನಗೆ ಸಿಕ್ಕಿದ್ದು ಹೇಗೆ

ಮೊದಲ ವರ್ಷದ ವಿದ್ಯಾರ್ಥಿಗಳ ಮುಂದೆ ಮಾತಾಡಲು ಕರೆದಾಗ ನಾನು ನನ್ನ ಎರಡು ಸ್ಟಾರ್ಟಪ್‌ಗಳ ಕಥೆ ಹೇಳುತ್ತೇನೆ. ಈ ಸಲ ಹೇಳಿದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲನೆಯದು ಹದಿನಾಲ್ಕು ತಿಂಗಳಲ್ಲಿ ಮುಗಿಯಿತು. ಮನೆಯವರ ಔಷಧಿಯ ಹೊತ್ತು ನೆನಪಿಸುವ ಆ್ಯಪ್ ಅದು. ಶುರು ಮಾಡುವ ಮೊದಲು ನಲವತ್ತು ಜನರನ್ನು "ಇಂಥದ್ದು ಇದ್ದರೆ ಬಳಸುತ್ತೀರಾ?" ಎಂದು ಕೇಳಿದ್ದೆವು. ಹೆಚ್ಚುಕಡಿಮೆ ಎಲ್ಲರೂ ಹೌದೆಂದರು. ಎದುರಿಗೆ ಕೂತು ಆಸೆಯಿಂದ ಕೇಳುವವನಿಗೆ ಇಲ್ಲ ಎನ್ನಲು ಯಾರಿಗೂ ಮನಸ್ಸು ಬರುವುದಿಲ್ಲ. ಕೊನೆಗೆ ನೋಡಿದರೆ ಅವರಲ್ಲಿ ಬಹುತೇಕರು ಫೋನಿನ ಅಲಾರಂ ಇಟ್ಟುಕೊಂಡು ನೆಮ್ಮದಿಯಾಗಿದ್ದರು.

ಎರಡನೇ ಸಲ ಪ್ರಶ್ನೆ ಬದಲಿಸಿದೆ. "ಕೊನೆಯ ಸಲ ಈ ತೊಂದರೆ ಬಂದದ್ದು ಯಾವಾಗ? ಆಗ ಏನು ಮಾಡಿದಿರಿ?" ಇಷ್ಟೇ. ಮುಂದೆ ಏನು ಮಾಡುತ್ತೀರಿ ಎಂದು ಕೇಳಲೇ ಇಲ್ಲ.

ಆಗ ನಮ್ಮ ತಲೆಯಲ್ಲಿದ್ದದ್ದು ಲಸಿಕೆಯ ಫ್ರಿಜ್. ಹೆಚ್ಚಿನ ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೆ ಇಡಬೇಕು. ಕರೆಂಟ್ ಹೋದರೆ ಬಿಸಿಯಾಗಿ ಹಾಳಾಗುತ್ತವೆ, ಅದನ್ನು ಎಚ್ಚರಿಸುವ ಸಾಧನ ಮಾಡೋಣ ಎಂದುಕೊಂಡಿದ್ದೆವು. ಒಂದು ಆರೋಗ್ಯ ಕೇಂದ್ರದಲ್ಲಿ ಸಿಸ್ಟರ್ ಒಬ್ಬರಿಗೆ ನನ್ನ ಪ್ರಶ್ನೆ ಕೇಳಿದೆ. ಅವರು ತಕ್ಷಣ ಹೇಳಿದ್ದು ಬಿಸಿಯ ವಿಷಯವಲ್ಲ. "ಹೋದ ತಿಂಗಳು ಇಡೀ ಒಂದು ದಿನ ಹೋಯ್ತು ಸರ್, ಶೇಕ್ ಟೆಸ್ಟ್ ಮಾಡೋದ್ರಲ್ಲಿ."

ಬೆಳಿಗ್ಗೆ ಬಂದು ನೋಡಿದಾಗ ಲಸಿಕೆಯ ವಯಲ್‌ಗಳು ಫ್ರಿಜ್ಜಿನ ಹಿಂಗೋಡೆಯ ಮಂಜಿಗೆ ತಾಗಿಕೊಂಡಿದ್ದವಂತೆ. ಹೆಪ್ಪುಗಟ್ಟಿ ಕರಗಿವೆಯೋ ಇಲ್ಲವೋ ಕಣ್ಣಿಗೆ ಗೊತ್ತಾಗುವುದಿಲ್ಲ. ವಯಲ್ ಮೇಲಿನ ಬಣ್ಣ ಬದಲಾಗುವ ಗುರುತು ಬಿಸಿಯನ್ನು ಮಾತ್ರ ತೋರಿಸುತ್ತದೆ. ಹಾಗಾಗಿ ಅವರು ಅದೇ ಕಂಪನಿಯ, ಅದೇ ಬ್ಯಾಚಿನ ಒಂದು ವಯಲ್ ಅನ್ನು ಬೇಕೆಂದೇ ರಾತ್ರಿಯಿಡೀ ಗಟ್ಟಿಯಾಗಿಸಿ, ಕರಗಿಸಿ, ಅನುಮಾನದ ವಯಲ್ ಜೊತೆ ಸೇರಿಸಿ ಅಲುಗಾಡಿಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ಕಾದರು. ಅನುಮಾನದ್ದರಲ್ಲೂ ಗಷ್ಟು ಅಷ್ಟೇ ಬೇಗ ತಳಕ್ಕಿಳಿದರೆ ಅದು ಹಾಳಾಗಿದೆ ಎಂದರ್ಥ. ಒಂದು ಒಳ್ಳೆಯ ವಯಲ್ ಬಲಿಕೊಟ್ಟು, ದಿನ ಕಳೆದು ಪಡೆದ ಉತ್ತರ ಅದು.

ಅಲ್ಲೇ ನನ್ನ ಪೆನ್ ನಿಂತಿತು. ಯಾರೂ ಪರಿಹಾರ ಕೊಡದಿದ್ದರೂ ಜನ ಆಗಲೇ ತಮ್ಮ ಸಮಯವನ್ನೂ ವಸ್ತುವನ್ನೂ ಸುರಿಯುತ್ತಿದ್ದಾರೆಂದರೆ ನೋವು ನಿಜ. ನಾನು ಹುಡುಕುವ ಮೊದಲ ಗುರುತು ಇದೇ.

ಎರಡನೆಯ ಗುರುತು, ಆ ನೋವಿನ ಬೇರು ಎಲ್ಲಿದೆ ಎಂಬುದು. ಹೆಪಟೈಟಿಸ್ ಬಿ, ಡಿಪಿಟಿಯಂಥ ಲಸಿಕೆಗಳಲ್ಲಿ ಅಲ್ಯೂಮಿನಿಯಂ ಲವಣವಿರುತ್ತದೆ. ಹೆಪ್ಪುಗಟ್ಟಿದಾಗ ಅದರ ಕಣಗಳು ಗುಂಪುಗೂಡುತ್ತವೆ. ಮತ್ತೆ ಕರಗಿಸಿದರೂ ಮೊದಲಿನಂತಾಗುವುದಿಲ್ಲ, ಲಸಿಕೆಯ ಶಕ್ತಿ ಕುಗ್ಗುತ್ತದೆ. ನನ್ನ ಮೊದಲ ಆ್ಯಪ್ಪಿನ ಕೆಲಸವನ್ನು ಫೋನ್ ಆಗಲೇ ಮಾಡುತ್ತಿತ್ತು. ಈ ರಸಾಯನಶಾಸ್ತ್ರ ಯಾವ ಅಪ್‌ಡೇಟಿಗೂ ಬದಲಾಗುವಂಥದ್ದಲ್ಲ. ಇಂಥ ಲಸಿಕೆಗಳು ಇರುವಷ್ಟು ಕಾಲ ಈ ತೊಂದರೆ ಇರುತ್ತದೆ.

ಆದರೂ ತಕ್ಷಣ ಸಾಧನ ಮಾಡಲು ಕೂರಲಿಲ್ಲ. ಉಷ್ಣಾಂಶ ದಾಖಲಿಸುವ ಯಂತ್ರಗಳು ಆಗಲೇ ಇದ್ದವು. 8 ಡಿಗ್ರಿಗಿಂತ ಮೇಲೆ ಹತ್ತು ಗಂಟೆ ಇದ್ದರೆ, ಇಲ್ಲವೇ ಮೈನಸ್ 0.5 ಅಥವಾ ಅದಕ್ಕಿಂತ ಕೆಳಗೆ ಒಂದೇ ಗಂಟೆ ಇದ್ದರೆ ಅವು ಎಚ್ಚರಿಸುತ್ತವೆ. ಚಳಿಗೆ ಅಷ್ಟು ಕಡಿಮೆ ಹೊತ್ತು ಕೊಟ್ಟಿರುವುದೇ ಅದರ ಅಪಾಯ ಹೇಳುತ್ತದೆ. ಹಾಗಿದ್ದರೆ ಉಳಿದಿರುವ ಸಮಸ್ಯೆ ಯಾವುದು? ಇದನ್ನು ಬಿಡಿಸಿಕೊಳ್ಳಲು ನಾಲ್ಕು ತಿಂಗಳು ಹಿಡಿಯಿತು, ಆ ತಿಂಗಳುಗಳ ಬಗ್ಗೆ ನನಗೆ ಚೂರೂ ವಿಷಾದವಿಲ್ಲ. ಸುತ್ತಾಡಿದ ಮೇಲೆ ಕಂಡದ್ದು: ಬಿಸಿಯಾದೀತೆಂಬ ಹೆದರಿಕೆಯಿಂದಲೇ ಸಿಬ್ಬಂದಿ ಫ್ರಿಜ್ಜಿನ ತಿರುಗುಣಿಯನ್ನು ಇನ್ನೂ ತಂಪಿನ ಕಡೆ ತಿರುಗಿಸುತ್ತಿದ್ದರು. ಎಚ್ಚರಿಕೆ ಕೂಗುವ ಹೊತ್ತಿಗೆ ಹಾನಿ ಆಗಿರುತ್ತಿತ್ತು. ನಾವು ಕೈಗೆತ್ತಿಕೊಂಡದ್ದು ಆ ಒಂದು ತಿರುವನ್ನು ತಡೆಯುವ ಕೆಲಸ.

ಮಾತು ಮುಗಿದ ಮೇಲೆ ಒಬ್ಬಳು ವಿದ್ಯಾರ್ಥಿನಿ ಕೇಳಿದಳು: "ಇಷ್ಟು ಸಣ್ಣ ಕೆಲಸಕ್ಕೆ ಆರು ವರ್ಷ ಯಾಕೆ ಬೇಕಾಯ್ತು ಸರ್?" ನಾನೂ ಒಂದು ವರ್ಷ ಸಾಕೆಂದೇ ಭಾವಿಸಿದ್ದೆ. ತಿರುಗುಣಿಯ ಸಮಸ್ಯೆ ಹದಕ್ಕೆ ಬಂದ ಮೂರನೇ ವರ್ಷದಲ್ಲಿ, ಫ್ರಿಜ್ಜಿನಲ್ಲಿ ಸರಿಯಾಗಿದ್ದ ವಯಲ್‌ಗಳು ಊರಿಗೆ ಒಯ್ಯುವ ಪೆಟ್ಟಿಗೆಯಲ್ಲಿ ಹೆಪ್ಪುಗಟ್ಟುತ್ತಿವೆ ಎಂದು ಗೊತ್ತಾಯಿತು. ಐಸ್‌ಪ್ಯಾಕನ್ನು ಫ್ರೀಜರಿನಿಂದ ತೆಗೆದು ನೇರವಾಗಿ ಒಳಗಿಡುತ್ತಿದ್ದರು. ಅಲುಗಾಡಿಸಿದಾಗ ಒಳಗಿನ ಮಂಜು ನೀರಿನಲ್ಲಿ ಕದಲುವ ಸದ್ದು ಕೇಳುವವರೆಗೆ ಅದನ್ನು ಹೊರಗೆ ಇಡಬೇಕು. ಬೆಳಿಗ್ಗೆ ಆರಕ್ಕೆ ಹೊರಡಬೇಕಾದವರಿಗೆ ಅಷ್ಟು ಹೊತ್ತು ಎಲ್ಲಿಂದ ಬರಬೇಕು? ಆ ಪೆಟ್ಟಿಗೆಯ ಮೇಲೆ ನಾವು ಇಂದಿಗೂ ಕೆಲಸ ಮಾಡುತ್ತಿದ್ದೇವೆ.