ಎಕ್ಸ್‌ರೇ ನೋಡಿ ಅನುಮಾನ ಬಂತು, ಸೂಜಿ ಹಾಕೋದು ಎಲ್ಲಿ?

ಆಳಂದ ಕಡೆಯ 15 ವರ್ಷದ ಹುಡುಗ. ಎಡ ಮೊಣಕಾಲಿನ ಸ್ವಲ್ಪ ಮೇಲೆ ಬಾವು. ಕಲಬುರಗಿಯ ನನ್ನ ಓಪಿಡಿಗೆ ಅಪ್ಪ ಕರೆದುಕೊಂಡು ಬಂದಿದ್ದರು. “ಕಬಡ್ಡಿ ಆಡೂವಾಗ ಬಿದ್ದಾನ್ರೀ ಸಾಹೇಬ್ರ, ಎಣ್ಣಿ ಹಚ್ಚಿ ತಿಕ್ಕಿಸೀವಿ, ಇಳಿವಲ್ದು” ಅಂದರು. ಬಿದ್ದು ಎರಡು ತಿಂಗಳಾಗಿತ್ತು. ಬಿದ್ದ ಪೆಟ್ಟಿನ ನೋವು ಅಷ್ಟೊತ್ತಿಗೆ ಕಡಿಮೆಯಾಗಬೇಕು ಅಲ್ವಾ? ಇವನಿಗೆ ಜಾಸ್ತಿಯಾಗಿತ್ತು, ರಾತ್ರಿ ನಿದ್ದೆ ಇರಲಿಲ್ಲ. ತಿಕ್ಕೋದು ನಿಲ್ಲಿಸಿ ಅಂತ ಹೇಳಿ, ಮುಂದಿನಿಂದ ಒಂದು, ಪಕ್ಕದಿಂದ ಒಂದು ಎಕ್ಸ್‌ರೇ ತೆಗೆಸಿದೆ.

ತೊಡೆ ಮೂಳೆಯ ಕೆಳತುದಿಯಲ್ಲಿ ಅಂಚು ಅಳಿಸಿಹೋಗಿತ್ತು. ಅಲ್ಲಿಂದ ಹೊರಗೆ, ಮಾಂಸದೊಳಕ್ಕೆ, ಸೂರ್ಯನ ಕಿರಣದ ಹಾಗೆ ಸಣ್ಣ ಬಿಳಿ ಗೆರೆಗಳು. ಗೆಡ್ಡೆ ಮೂಳೆ ಒಡೆದು ಹೊರಗೆ ಬೇಗ ಬೆಳೆದಾಗ ಹೊಸ ಮೂಳೆ ಹೀಗೆ ಗೆರೆಗೆರೆಯಾಗಿ ಕೂರುತ್ತದೆ. ಇನ್ನೂ ಸ್ವಲ್ಪ ಮೇಲೆ ನೋಡಿದರೆ ಮೂಳೆಯ ಹೊದಿಕೆ ಎದ್ದು ನಿಂತಿತ್ತು. ಒಳಗಿನ ಗೆಡ್ಡೆ ಹೊದಿಕೆಯನ್ನು ಹೊರಕ್ಕೆ ದಬ್ಬುತ್ತದೆ. ಹೊದಿಕೆ ಇನ್ನೂ ಅಂಟಿಕೊಂಡಿರುವ ಅಂಚಿನಲ್ಲಿ ಮಾತ್ರ ಹೊಸ ಮೂಳೆ ಕಟ್ಟಿ ತ್ರಿಕೋನ ಕಾಣುತ್ತದೆ. ಇದಕ್ಕೆ ಕಾಡ್‌ಮನ್ ತ್ರಿಕೋನ ಅಂತಾರೆ.

ಎರಡೂ ಕಂಡರೆ ಆಸ್ಟಿಯೋಸಾರ್ಕೋಮಾ ಅನ್ನೋ ಮೂಳೆ ಕ್ಯಾನ್ಸರ್ ಮೊದಲು ತಲೆಗೆ ಬರುತ್ತದೆ. ಆದರೆ ಮೂಳೆಯಲ್ಲಿ ಕೀವು ತುಂಬಿದರೂ ಹೊದಿಕೆ ಏಳುತ್ತದೆ. ಈ ವಯಸ್ಸಿಗೆ ಬರುವ ಇನ್ನೊಂದು ಕ್ಯಾನ್ಸರ್, ಯೂವಿಂಗ್ಸ್, ಕೂಡ ಹೀಗೆ ಕಾಣಬಹುದು. ಮೂರಕ್ಕೂ ಚಿಕಿತ್ಸೆ ಬೇರೆ. ಹಾಗಾಗಿ ಎಕ್ಸ್‌ರೇ ನಂಬಿಕೊಂಡು ಕೀಮೋ ಕೊಡೋಕಾಗಲ್ಲ, ಕಾಲಿನ ಆಪರೇಷನ್‌ಗೆ ಕೈ ಹಾಕೋಕೂ ಆಗಲ್ಲ. ಮೊದಲು ಬಯಾಪ್ಸಿ ಆಗಬೇಕು, ಅಂದರೆ ಸೂಜಿ ಹಾಕಿ ಒಂದು ತುಣುಕು ತೆಗೆದು ಪರೀಕ್ಷೆ ಮಾಡಬೇಕು.

“ಚುಚ್ಚಿದ್ರ ಹರಡ್ತದಂತಲ್ರೀ?” ಅಪ್ಪನ ಈ ಭಯ ಪೂರ್ತಿ ಸುಳ್ಳಲ್ಲ. ಸೂಜಿ ಹೋದ ದಾರಿಯಲ್ಲಿ ಗೆಡ್ಡೆಯ ಕಣಗಳು ಉಳಿಯಬಹುದು. ಅದಕ್ಕೇ ಸಿಕ್ಕಲ್ಲಿ ಚುಚ್ಚಬಾರದು. ಬಯಾಪ್ಸಿ ಮಾಡುವವರು ಮುಂದೆ ಆಪರೇಷನ್ ಮಾಡುವವರ ಜೊತೆ ಮೊದಲೇ ಮಾತಾಡಿರಬೇಕು, ಅಥವಾ ಅವರೇ ಮಾಡಬೇಕು. ನಾನು ಸೂಜಿ ಹಿಡಿಯಲಿಲ್ಲ. ಇಡೀ ತೊಡೆ ಮೂಳೆಯ ಎಂಆರ್‌ಐ ಮಾಡಿಸಿ ಬೆಂಗಳೂರಿನ ಮೂಳೆ ಕ್ಯಾನ್ಸರ್ ಸರ್ಜನ್‌ಗೆ ಫೋನ್ ಮಾಡಿ ಕಳಿಸಿದೆ. ಎಂಆರ್‌ಐ ಮೊದಲೇ ಆಗಬೇಕು. ಚುಚ್ಚಿದ ಮೇಲೆ ರಕ್ತ, ಊತ ಸೇರಿ ಚಿತ್ರ ಕಲಸುಮೇಲೋಗರವಾಗುತ್ತದೆ.

ಅವರು ಮುಂದೆ ಕೊಯ್ಯಬೇಕಾದ ಗೆರೆಯ ಮೇಲೇ ಸೂಜಿ ಇಳಿಸಿದರು. ಎಕ್ಸ್‌ರೇಯಲ್ಲಿ ಎದ್ದು ಕಾಣುವ ಆ ತ್ರಿಕೋನದಿಂದ ತುಣುಕು ತೆಗೆಯಲಿಲ್ಲ. ಅಲ್ಲಿರೋದು ಬಹುತೇಕ ಹೊದಿಕೆ ಕಟ್ಟಿದ ಸಾಮಾನ್ಯ ಮೂಳೆ, ಅದನ್ನಷ್ಟೇ ಕಳಿಸಿದರೆ ಕ್ಯಾನ್ಸರ್ ಇಲ್ಲ ಅಂತ ವರದಿ ಬಂದುಬಿಡಬಹುದು. ಮೂಳೆಯಿಂದ ಹೊರಗೆ ಬೆಳೆದ ಮೆತ್ತನೆ ಗೆಡ್ಡೆಯಿಂದ ತೆಗೆದರು. ಕೀವಿನ ಕಾಯಿಲೆಯೇ ಇರಬಹುದಾ ಅಂತ ನೋಡೋಕೆ ಒಂದು ಪಾಲು ಕಲ್ಚರ್‌ಗೂ, ಅಂದರೆ ರೋಗಾಣು ಬೆಳೆಯುತ್ತದಾ ಅಂತ ನೋಡುವ ಪರೀಕ್ಷೆಗೂ ಹೋಯಿತು.

ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ. ತುಣುಕಿನಲ್ಲಿ ಕ್ಯಾನ್ಸರ್ ಕಣಗಳೇ ಎಳೆ ಮೂಳೆ ಕಟ್ಟುತ್ತಿದ್ದವು. ಆಸ್ಟಿಯೋಸಾರ್ಕೋಮಾ ಅಂತ ಖಚಿತವಾಗಿದ್ದು ಆಗಲೇ. ಎದೆಯ ಸಿಟಿ ಮಾಡಿ ಶ್ವಾಸಕೋಶ ನೋಡಿಕೊಂಡು, ಮೊದಲು ಕೀಮೋ ಕೊಟ್ಟರು. ಆಮೇಲೆ ಕಾಲು ಉಳಿಸಿ ಆಪರೇಷನ್ ಮಾಡಿದರು, ಸೂಜಿ ಹೋದ ದಾರಿಯನ್ನೂ ಗೆಡ್ಡೆಯ ಜೊತೆಗೇ ತೆಗೆದರು.