ಟೋಕನ್ ಸಂಖ್ಯೆಗಿಂತ ಮೊದಲು ಓದಬೇಕಾದ ಚೀಟಿ

ಬೆಂಗಳೂರಿನ ಆಸ್ಪತ್ರೆಯೊಂದರ ಔಷಧಾಲಯದಲ್ಲಿ ನಾನು ಫಾರ್ಮಸಿಸ್ಟ್. ಮೊದಲು ನಾವು ಟೋಕನ್ ಬಂದ ಕ್ರಮದಲ್ಲೇ ಮಾತ್ರೆಗಳನ್ನು ಟ್ರೇಗೆ ತೆಗೆದಿಟ್ಟು, ಕೊಡುವ ಹೊತ್ತಿಗೆ ಚೀಟಿಯನ್ನು ಪರಿಶೀಲಿಸುತ್ತಿದ್ದೆವು. ಸಂದೇಹ ಹುಟ್ಟುವಷ್ಟರಲ್ಲಿ ವೈದ್ಯರು ಹೊರರೋಗಿ ವಿಭಾಗದಿಂದ ಹೊರಟುಹೋಗಿರುತ್ತಿದ್ದರು. ಈಗ ಚೀಟಿ ಕೈಗೆ ಬಂದೊಡನೆ ಒಬ್ಬರು ಅದನ್ನು ಪೂರ್ತಿ ಓದುತ್ತೇವೆ. ತುರ್ತು ಘಟಕದ ಚೀಟಿ ಎಲ್ಲಕ್ಕಿಂತ ಮುಂದೆ. ಅದರ ನಂತರ, ವೈದ್ಯರನ್ನು ಕೇಳಲೇಬೇಕಾದ ಚೀಟಿಗಳ ಕೆಲಸವನ್ನು ಆರಂಭಿಸಿ, ಉತ್ತರಕ್ಕಾಗಿ ಕಾಯುವ ಸಮಯದಲ್ಲಿ ಸರಳವಾದವನ್ನು ಟೋಕನ್ ಪ್ರಕಾರ ಮುಗಿಸುತ್ತೇವೆ.

ಈ ಕ್ರಮದ ಬೆಲೆ ನನಗೆ ತಿಳಿದದ್ದು ಸಂಧಿವಾತವಿದ್ದ ಮಹಿಳೆಯೊಬ್ಬರ ಚೀಟಿಯಿಂದ. ಮೆಥೋಟ್ರೆಕ್ಸೇಟ್ 7.5 ಮಿ.ಗ್ರಾಂ, 1-0-0, ಅಂದರೆ ದಿನವೂ ಬೆಳಿಗ್ಗೆ ಒಮ್ಮೆ, 30 ದಿನ ಎಂದಿತ್ತು; 2.5 ಮಿ.ಗ್ರಾಂ ಮಾತ್ರೆಗಳ ಲೆಕ್ಕದಲ್ಲಿ ಬಿಲ್ಲಿಂಗ್ ಕಂಪ್ಯೂಟರ್ 90 ಮಾತ್ರೆ ತೋರಿಸಿತು. ಸಂಧಿವಾತಕ್ಕೆ ಈ ಔಷಧವನ್ನು ವಾರಕ್ಕೆ ಒಮ್ಮೆ ಮಾತ್ರ ಕೊಡುತ್ತಾರೆ. ದಿನವೂ ನುಂಗಿದರೆ ಬಾಯಿಹುಣ್ಣಿನಿಂದ ಹಿಡಿದು ಅಸ್ಥಿಮಜ್ಜೆ ಕುಗ್ಗುವವರೆಗೆ ಅನಾಹುತವಾಗಿ, ಪ್ರಾಣಕ್ಕೇ ಕುತ್ತಾಗಬಹುದು. ಕೆಳಗಿನ ಸಾಲಿನಲ್ಲಿ, ಮೆಥೋಟ್ರೆಕ್ಸೇಟ್‌ನ ಅಡ್ಡಪರಿಣಾಮ ತಗ್ಗಿಸಲು ಜೊತೆಗೆ ಕೊಡುವ ಫೋಲಿಕ್ ಆಮ್ಲ 5 ಮಿ.ಗ್ರಾಂ ವಾರಕ್ಕೊಮ್ಮೆ ಎಂದಿದ್ದುದರಿಂದ, ವೈದ್ಯರ ಮನಸ್ಸಿನಲ್ಲಿದ್ದದ್ದು ವಾರದ ಲೆಕ್ಕವೇ ಎಂಬುದು ಬಹುಮಟ್ಟಿಗೆ ಖಚಿತವಾಗಿತ್ತು. ಆದರೂ ಊಹೆಯ ಮೇಲೆ ತಿದ್ದುವ ಅಧಿಕಾರ ನಮಗಿಲ್ಲ.

ಫೋನ್ ಮಾಡುವ ಮುನ್ನ, ಬೇರೆ ಕಡೆ ಏನಾದರೂ ಬರೆಸಿಕೊಂಡಿದ್ದೀರಾ ಎಂದು ಕೇಳಿದೆ. ಮೂತ್ರದ ಸೋಂಕಿಗೆಂದು ಇನ್ನೊಬ್ಬ ವೈದ್ಯರು ಕೊಟ್ಟಿದ್ದ ಚೀಟಿಯನ್ನು ಅವರು ಪರ್ಸಿನಿಂದ ತೆಗೆದರು; ಅದರಲ್ಲಿ ಕೋಟ್ರೈಮಾಕ್ಸಜೋಲ್ ಇತ್ತು. ಅದು ಮೆಥೋಟ್ರೆಕ್ಸೇಟ್‌ನೊಂದಿಗೆ ಸೇರಿದರೆ ಅಸ್ಥಿಮಜ್ಜೆಗೆ ಆಗುವ ಹಾನಿ ಇನ್ನಷ್ಟು ಹೆಚ್ಚುತ್ತದೆ. ಹೀಗಾಗಿ ಒಂದೇ ಕರೆಯಲ್ಲಿ ಎರಡೂ ವಿಷಯಗಳನ್ನು, ಮೂತ್ರಪಿಂಡದ ಸ್ಥಿತಿ ತಿಳಿಸುವ ಇತ್ತೀಚಿನ ಕ್ರಿಯಾಟಿನಿನ್ ವರದಿಯ ಸಮೇತ, ಮೆಥೋಟ್ರೆಕ್ಸೇಟ್ ಬರೆದ ವೈದ್ಯರ ಮುಂದಿಟ್ಟೆ. ಅವರು ಬುಧವಾರ ಮಾತ್ರ ಮೂರು ಮಾತ್ರೆ ಎಂದು ತಿದ್ದಿ ಸಹಿ ಹಾಕಿ ಕಳುಹಿಸಿದರು, ಸೋಂಕಿಗೆ ಬೇರೆ ಔಷಧ ಬರೆದರು. 90ರ ಜಾಗದಲ್ಲಿ ನಾಲ್ಕು ವಾರಕ್ಕೆ 12 ಮಾತ್ರೆ ಹೋದವು.

ಕೊಡುವಾಗ ಹೆಸರು, ವಯಸ್ಸು, ಅಲರ್ಜಿಗಳನ್ನು ಮತ್ತೆ ಕೇಳಿ, ಸ್ಟ್ರಿಪ್ ಮೇಲಿನ ಹೆಸರು, ಮಿ.ಗ್ರಾಂ, ಅವಧಿ ಮುಗಿಯುವ ದಿನಾಂಕಗಳನ್ನು ಚೀಟಿಯೊಂದಿಗೆ ತಾಳೆ ನೋಡುವವರು, ಟ್ರೇ ತುಂಬಿದವರೇ ಆಗಿರಬಾರದು. ತನ್ನ ತಪ್ಪು ತನ್ನ ಕಣ್ಣಿಗೆ ಬೀಳುವುದು ಕಷ್ಟ. ಕವರಿನ ಮೇಲೆ ‘ಬುಧವಾರ ಮಾತ್ರ’ ಎಂದು ದಪ್ಪಕ್ಷರದಲ್ಲಿ ಬರೆದು, “ಅಮ್ಮ, ಇದನ್ನು ಯಾವತ್ತು ತಗೊಳ್ತೀರಿ?” ಎಂದು ಕೇಳಿದೆ. “ದಿನಾ ಬೆಳಿಗ್ಗೆ ತಿಂಡಿ ಆದಮೇಲೆ” ಎಂದರು. ವೈದ್ಯರು ಮೊದಲು ಹೇಳಿದ್ದು ಅವರ ಕಿವಿಯಲ್ಲಿ ಹಾಗೇ ಉಳಿದಿತ್ತೇನೋ. ಜೊತೆಗಿದ್ದ ಮಗನನ್ನೂ ಕರೆದು ಮತ್ತೆ ವಿವರಿಸಿ, ಅವರ ಬಾಯಿಂದಲೇ ಬುಧವಾರ ಎಂದು ಬಂದ ಮೇಲೆ ಕವರನ್ನು ಕೈಗಿತ್ತೆ.

ವೈದ್ಯರು ಸಿಗದ ದಿನಗಳೂ ಉಂಟು. ಆಗ ಸಂದೇಹವಿಲ್ಲದ ಔಷಧಗಳನ್ನಷ್ಟೇ ಕೊಟ್ಟು, ಉಳಿದದ್ದನ್ನು ಕಾರಣ ಬರೆದು ತಡೆಹಿಡಿದು, ರೋಗಿಯ ಫೋನ್ ಸಂಖ್ಯೆಯೊಂದಿಗೆ ಮುಂದಿನ ಪಾಳಿಯವರಿಗೆ ಒಪ್ಪಿಸುತ್ತೇವೆ.